ಅಪೊಲೊನಿಯಸನ ವೃತ್ತ

ಎರಡು ಸ್ಥಿರ ಬಿಂದುಗಳಿಂದ ಸದಾ ಸಮದೂರದಲ್ಲಿರುವಂತೆ ಒಂದು ಬಿಂದುವು ಚಲಿಸಿದರೆ ಅದರ ಪಥವು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ರೇಖಾಗಣಿತದ ಪಾಠದಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಆ ಎರಡು ಬಿಂದುಗಳನ್ನು ಸೇರಿಸುವ ರೇಖೆಯ ಲಂಬಾರ್ಧಕವೇ ಆ ಪಥ. ಇದು ಸರಳರೇಖೆ; ಎರಡು ಕಡೆಗೂ ಕೊನೆಯಿಲ್ಲದೆ ಹೋಗುತ್ತದೆ.

ಈಗ ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸಿ ನೋಡೋಣ. ಚಲಿಸುವ ಬಿಂದುವು ಒಂದು ಸ್ಥಿರ ಬಿಂದುವಿನಿಂದ ಎಷ್ಟು ದೂರದಲ್ಲಿದೆಯೋ ಇನ್ನೊಂದರಿಂದ ಅದರ ಎರಡರಷ್ಟು ದೂರದಲ್ಲಿರಬೇಕು ಎನ್ನೋಣ. ಆಗ ಪಥವು ಏನಾಗುತ್ತದೆ? ಲಂಬಾರ್ಧಕವು ತುಸು ಒಂದು ಪಕ್ಕಕ್ಕೆ ಸರಿದೀತು, ಅಷ್ಟೆ ಎಂದು ಅನೇಕರು ಮೊದಲು ಊಹಿಸುತ್ತಾರೆ. ಊಹೆ ಸಹಜವಾದುದೇ, ಆದರೆ ನಿಜವಲ್ಲ. ಅನುಪಾತವು 1 ರಿಂದ ಎಳ್ಳಷ್ಟು ಬೇರೆಯಾದರೂ ಸಾಕು, ಆ ಕೊನೆಯಿಲ್ಲದ ಸರಳರೇಖೆಯು ಬಾಗಿ ಮುಚ್ಚಿಕೊಂಡು ವೃತ್ತವಾಗಿಬಿಡುತ್ತದೆ. ಹೀಗೇಕೆ ಆಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಕೈವಾರದಿಂದ ಪರೀಕ್ಷೆ

ಸಾಧನೆಗೆ ಮೊದಲು ಪಥವನ್ನು ಕಣ್ಣಾರೆ ಕಾಣುವುದು ಒಳ್ಳೆಯದು. ಹಾಳೆಯ ಮೇಲೆ 6 ಸೆಂಟಿಮೀಟರ್ ಉದ್ದದ ಅಬ ಎಂಬ ರೇಖೆಯನ್ನು ಅಡ್ಡವಾಗಿ ಎಳೆಯಿರಿ. ಬಲಗಡೆಯ ತುದಿ ಬ. ಅದರ ಬಲಕ್ಕೆ ಇನ್ನೂ 7 ಸೆಂಟಿಮೀಟರಿನಷ್ಟು ಸ್ಥಳವಿರಲಿ. ಚಲಿಸುವ ಬಿಂದುವನ್ನು ಪ ಎಂದು ಕರೆಯೋಣ. ನಮ್ಮ ನಿಯಮವು ಹೀಗಿದೆ:

ಪಅ = 2 × ಪಬ

ಕೈವಾರವನ್ನು 6 ಸೆಂಟಿಮೀಟರಿಗೆ ತೆರೆದು ಅ ಕೇಂದ್ರದಿಂದ ಒಂದು ಕಂಸವನ್ನೂ, 3 ಸೆಂಟಿಮೀಟರಿಗೆ ತೆರೆದು ಬ ಕೇಂದ್ರದಿಂದ ಇನ್ನೊಂದು ಕಂಸವನ್ನೂ ಎಳೆಯಿರಿ. ಅವು ರೇಖೆಯ ಮೇಲ್ಗಡೆ ಒಂದು ಬಿಂದುವಿನಲ್ಲಿಯೂ ಕೆಳಗಡೆ ಒಂದು ಬಿಂದುವಿನಲ್ಲಿಯೂ ಛೇದಿಸುತ್ತವೆ. ಈ ಎರಡೂ ಪ ಬಿಂದುವಿನ ಸ್ಥಾನಗಳೇ. ಹೀಗೆಯೇ 7 ಮತ್ತು 3.5, 8 ಮತ್ತು 4, 9 ಮತ್ತು 4.5, 10 ಮತ್ತು 5 ಎಂಬ ಜೋಡಿಗಳನ್ನು ತೆಗೆದುಕೊಂಡು ಬಿಂದುಗಳನ್ನು ಗುರುತಿಸುತ್ತ ಹೋಗಿ. ನಾಲ್ಕೈದು ಜೋಡಿಗಳಾಗುವಷ್ಟರಲ್ಲಿಯೇ ಬಿಂದುಗಳು ಬ ಬಿಂದುವನ್ನು ಸುತ್ತುವರಿದು ದುಂಡಾಗಿ ನಿಂತಿರುವುದು ಕಾಣುತ್ತದೆ.

ಈ ಕೆಲಸದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪಬ ದೂರವನ್ನು 2 ಸೆಂಟಿಮೀಟರಿಗಿಂತ ಕಡಿಮೆ ತೆಗೆದುಕೊಂಡರೆ ಕಂಸಗಳು ಸಂಧಿಸುವುದೇ ಇಲ್ಲ. ಏಕೆಂದರೆ ಪಅ ಮತ್ತು ಪಬ ಸೇರಿ ಪಬ ದೂರದ ಮೂರರಷ್ಟು. ಅದು 6 ಕ್ಕಿಂತ ಕಡಿಮೆಯಾದರೆ ತ್ರಿಭುಜವಾಗಲಾರದು. ಪಬ ದೂರವನ್ನು 6 ಕ್ಕಿಂತ ಹೆಚ್ಚು ತೆಗೆದುಕೊಂಡರೂ ಕಂಸಗಳು ಸಂಧಿಸುವುದಿಲ್ಲ. ಆಗ ಪಅ ಮತ್ತು ಪಬಗಳ ವ್ಯತ್ಯಾಸವೇ ಅಬ ರೇಖೆಗಿಂತ ದೊಡ್ಡದಾಗುತ್ತದೆ. ಆದುದರಿಂದ ಪ ಬಿಂದುವು ಬ ಬಿಂದುವಿನಿಂದ 2 ಸೆಂಟಿಮೀಟರಿಗಿಂತ ಹತ್ತಿರ ಬರಲಾರದು, 6 ಸೆಂಟಿಮೀಟರಿಗಿಂತ ದೂರ ಹೋಗಲಾರದು. ಪಥವು ಕೊನೆಯಿಲ್ಲದ ರೇಖೆಯಾಗಿರಲು ಸಾಧ್ಯವಿಲ್ಲವೆಂಬುದು ಇಷ್ಟರಿಂದಲೇ ಸಿದ್ಧವಾಯಿತು. ಜೊತೆಗೆ, ಬ ಬಿಂದುವು ಈ ದುಂಡಿನ ಕೇಂದ್ರವಲ್ಲವೆಂಬುದೂ ಸ್ಪಷ್ಟವಾಯಿತು. ಕೇಂದ್ರವಾಗಿದ್ದರೆ ಪಬ ದೂರವು 2 ರಿಂದ 6 ರವರೆಗೆ ಬದಲಾಗುತ್ತಿರಲಿಲ್ಲ.

ಅಬ ರೇಖೆಯ ಮೇಲಿನ ಎರಡು ಬಿಂದುಗಳು

ಪ ಬಿಂದುವು ಅಬ ರೇಖೆಯ ಮೇಲೆಯೇ ಬರುವ ಸ್ಥಾನಗಳು ಎಷ್ಟು? ಒಂದೇ ಎಂದು ಹೇಳಿಬಿಡುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷ. ಅ ಮತ್ತು ಬಗಳ ನಡುವೆ ಕ ಎಂಬ ಬಿಂದುವಿದೆ; ಅಕ = 4, ಕಬ = 2. ಇದನ್ನು ಎಲ್ಲರೂ ಕಾಣುತ್ತಾರೆ. ಆದರೆ ರೇಖೆಯನ್ನು ಬ ಬಿಂದುವಿನಾಚೆಗೆ ಬೆಳೆಸಿದರೆ ಅಲ್ಲಿ ಗ ಎಂಬ ಇನ್ನೊಂದು ಬಿಂದು ದೊರೆಯುತ್ತದೆ; ಅಗ = 12, ಬಗ = 6. ಇದೂ ನಿಯಮಕ್ಕೆ ಸರಿಯಾಗಿಯೇ ಇದೆ. ಕ ಬಿಂದುವು ಅಬ ರೇಖೆಯನ್ನು 2 : 1 ಅನುಪಾತದಲ್ಲಿ ಒಳಗಿನಿಂದ ವಿಭಾಗಿಸುತ್ತದೆ, ಗ ಬಿಂದುವು ಅದೇ ಅನುಪಾತದಲ್ಲಿ ಹೊರಗಿನಿಂದ ವಿಭಾಗಿಸುತ್ತದೆ. ಹೀಗೆ ವಿಭಾಗಿಸುವ ಬಿಂದುವು ಒಳಗೆ ಒಂದೇ, ಹೊರಗೆ ಒಂದೇ. ಈ ಮಾತು ಮುಂದಿನ ಸಾಧನೆಗೆ ಆಧಾರವಾಗುವುದರಿಂದ ನೆನಪಿನಲ್ಲಿರಲಿ.

ನಾವು ಸಾಧಿಸಬೇಕಾದುದು ಇಷ್ಟು: ಪ ಬಿಂದುವಿನ ಪಥವು ಕಗ ರೇಖೆಯನ್ನು ವ್ಯಾಸವಾಗಿ ಉಳ್ಳ ವೃತ್ತ.

ಸಾಧನೆಯ ಮೊದಲನೆಯ ಭಾಗ

ಪ ಎಂಬುದು ನಿಯಮಕ್ಕೆ ಒಳಪಟ್ಟ, ಅಬ ರೇಖೆಯ ಮೇಲಿಲ್ಲದ ಯಾವುದಾದರೂ ಒಂದು ಬಿಂದುವಾಗಿರಲಿ. ಪಅ, ಪಬ, ಪಕ, ಪಗ ರೇಖೆಗಳನ್ನು ಎಳೆಯಿರಿ. ತ್ರಿಭುಜದ ಒಂದು ಕೋನವನ್ನು ಅರ್ಧಿಸುವ ರೇಖೆಯು ಎದುರಿನ ಬಾಹುವನ್ನು ಉಳಿದೆರಡು ಬಾಹುಗಳ ಅನುಪಾತದಲ್ಲಿ ವಿಭಾಗಿಸುತ್ತದೆಂದು ಯೂಕ್ಲಿಡನ ಆರನೆಯ ಪುಸ್ತಕದ ಮೂರನೆಯ ಪ್ರಮೇಯವು ತಿಳಿಸುತ್ತದೆ. ಇಲ್ಲಿ ಅಪಬ ಕೋನದ ಅರ್ಧಕವು ಅಬ ಬಾಹುವನ್ನು ಪಅ : ಪಬ, ಎಂದರೆ 2 : 1 ಅನುಪಾತದಲ್ಲಿ ವಿಭಾಗಿಸಬೇಕು. ಅಂತಹ ಒಳಬಿಂದುವು ಕ ಒಂದೇ. ಆದುದರಿಂದ ಪಕ ರೇಖೆಯೇ ಅಪಬ ಕೋನದ ಅರ್ಧಕ.

ಇನ್ನು ಅಪ ರೇಖೆಯನ್ನು ಪ ಬಿಂದುವಿನಾಚೆಗೆ ಬೆಳೆಸಿದರೆ ಒಂದು ಬಹಿಃಕೋನ ಉಂಟಾಗುತ್ತದೆ. ಅದರ ಅರ್ಧಕವು ಬೆಳೆಸಿದ ಅಬ ರೇಖೆಯನ್ನು ಅದೇ ಅನುಪಾತದಲ್ಲಿ ಹೊರಗಿನಿಂದ ವಿಭಾಗಿಸುತ್ತದೆ. ಅಂತಹ ಹೊರಬಿಂದುವು ಗ ಒಂದೇ. ಆದುದರಿಂದ ಪಗ ರೇಖೆಯು ಬಹಿಃಕೋನದ ಅರ್ಧಕ.

ಒಳಕೋನವೂ ಬಹಿಃಕೋನವೂ ಕೂಡಿ 180 ಅಂಶ. ಅವುಗಳ ಅರ್ಧಗಳು ಕೂಡಿ 90 ಅಂಶ. ಎಂದರೆ ಕಪಗ ಕೋನವು ಲಂಬಕೋನ. ಪ ಬಿಂದುವು ಎಲ್ಲಿಯೇ ಇರಲಿ, ಕ ಮತ್ತು ಗ ಬಿಂದುಗಳು ಕದಲುವುದಿಲ್ಲ, ಅವುಗಳ ಮೇಲೆ ನಿಂತ ಕೋನವು ಯಾವಾಗಲೂ ಲಂಬಕೋನವಾಗಿಯೇ ಇರುತ್ತದೆ. ಆದುದರಿಂದ ಪ ಬಿಂದುವು ಕಗ ವ್ಯಾಸದ ವೃತ್ತದ ಮೇಲೆಯೇ ಇರತಕ್ಕದ್ದು.

ಅನುಪಾತವು 1 ಆಗಿರಬಾರದೆಂಬ ನಿಬಂಧನೆಯ ಅರ್ಥವು ಇಲ್ಲಿ ಬೆಳಕಿಗೆ ಬರುತ್ತದೆ. ಪಅ ಮತ್ತು ಪಬ ಸಮನಾಗಿದ್ದರೆ ತ್ರಿಭುಜವು ಸಮದ್ವಿಬಾಹು. ಅದರ ಶೃಂಗದ ಬಹಿಃಕೋನಾರ್ಧಕವು ಪಾದಕ್ಕೆ ಸಮಾಂತರವಾಗಿ ಹೋಗುತ್ತದೆ, ಅದನ್ನು ಎಂದಿಗೂ ಸಂಧಿಸುವುದಿಲ್ಲ. ಗ ಬಿಂದುವೇ ಇಲ್ಲದ ಮೇಲೆ ವ್ಯಾಸವೆಲ್ಲಿ, ವೃತ್ತವೆಲ್ಲಿ?

ಸಾಧನೆಯ ಎರಡನೆಯ ಭಾಗ

ಇಷ್ಟಕ್ಕೇ ನಿಲ್ಲಿಸಿದರೆ ಸಾಧನೆ ಅರ್ಧವಾಯಿತಷ್ಟೆ. ನಿಯಮಕ್ಕೆ ಒಳಪಟ್ಟ ಬಿಂದುಗಳೆಲ್ಲ ವೃತ್ತದ ಮೇಲಿವೆ ಎಂದು ತಿಳಿದೆವು. ಆದರೆ ವೃತ್ತದ ಮೇಲಿನ ಬಿಂದುಗಳೆಲ್ಲ ನಿಯಮಕ್ಕೆ ಒಳಪಡುತ್ತವೆಯೇ? ವೃತ್ತದ ಒಂದು ತುಂಡು ಮಾತ್ರ ಪಥವಾಗಿದ್ದು ಉಳಿದುದು ಬರಿಯ ಅಲಂಕಾರವಾಗಿರಬಾರದೇಕೆ? ಬಿಂದುಪಥದ ಸಾಧನೆಯಲ್ಲಿ ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಪಥವನ್ನು ಕಂಡುಹಿಡಿದಂತಾಗುವುದಿಲ್ಲ.

ಈಗ ಪ ಎಂಬುದು ಕಗ ವ್ಯಾಸದ ವೃತ್ತದ ಮೇಲೆ, ಕ ಮತ್ತು ಗಗಳನ್ನುಳಿದು, ನಮಗೆ ಇಷ್ಟ ಬಂದಲ್ಲಿ ತೆಗೆದುಕೊಂಡ ಬಿಂದು. ಅದರ ದೂರಗಳ ಅನುಪಾತವು ನಮಗೆ ಇನ್ನೂ ತಿಳಿಯದು. ಕಪಗ ಕೋನವು ಲಂಬಕೋನವೆಂಬುದು ಮಾತ್ರ ತಿಳಿದಿದೆ. ಬ ಬಿಂದುವಿನ ಮೂಲಕ ಅಪ ರೇಖೆಗೆ ಸಮಾಂತರವಾಗಿ ಒಂದು ರೇಖೆಯನ್ನು ಎಳೆಯಿರಿ. ಅದು ಪಗ ರೇಖೆಯನ್ನು ಚ ಬಿಂದುವಿನಲ್ಲಿಯೂ, ಬೆಳೆಸಿದ ಪಕ ರೇಖೆಯನ್ನು ಜ ಬಿಂದುವಿನಲ್ಲಿಯೂ ಸಂಧಿಸಲಿ. ಚ ಬಿಂದುವು ಅಬ ರೇಖೆಯ ಒಂದು ಮಗ್ಗುಲಲ್ಲಿ, ಜ ಬಿಂದುವು ಇನ್ನೊಂದು ಮಗ್ಗುಲಲ್ಲಿ ಇರುತ್ತದೆ, ನಡುವೆ ಬ.

ಗಅಪ ಮತ್ತು ಗಬಚ ತ್ರಿಭುಜಗಳು ಸಮರೂಪ. ಆದುದರಿಂದ ಅಪ : ಬಚ = ಅಗ : ಬಗ = 2 : 1.

ಕಅಪ ಮತ್ತು ಕಬಜ ತ್ರಿಭುಜಗಳೂ ಸಮರೂಪ. ಆದುದರಿಂದ ಅಪ : ಬಜ = ಅಕ : ಕಬ = 2 : 1.

ಬಚ ಮತ್ತು ಬಜ ಎರಡೂ ಅಪ ರೇಖೆಯ ಅರ್ಧವಾದುವು. ಆದುದರಿಂದ ಅವು ಪರಸ್ಪರ ಸಮ. ಎಂದರೆ ಬ ಬಿಂದುವು ಚಜ ರೇಖೆಯ ಮಧ್ಯಬಿಂದು. ಆದರೆ ಚಪಜ ಕೋನವು ಲಂಬಕೋನ. ಆ ಲಂಬಕೋನ ತ್ರಿಭುಜಕ್ಕೆ ಚಜ ರೇಖೆಯೇ ವಿಕರ್ಣ. ವಿಕರ್ಣದ ಮಧ್ಯಬಿಂದುವು ಮೂರು ಶೃಂಗಗಳಿಂದಲೂ ಸಮದೂರದಲ್ಲಿರುತ್ತದೆ. ಆದುದರಿಂದ ಬಪ = ಬಚ, ಎಂದರೆ ಅಪ ರೇಖೆಯ ಅರ್ಧ. ನಾವು ಬಯಸಿದ ನಿಯಮವು ಹೀಗೆ ದೊರೆಯಿತು. ವೃತ್ತದ ಒಂದು ಬಿಂದುವೂ ಹೊರಗುಳಿಯಲಿಲ್ಲ.

ನಮ್ಮ ಉದಾಹರಣೆಯಲ್ಲಿ ವ್ಯಾಸವಾದ ಕಗ 8 ಸೆಂಟಿಮೀಟರ್, ತ್ರಿಜ್ಯ 4. ಕೇಂದ್ರವನ್ನು ಮ ಎಂದರೆ, ಅದು ಅ ಬಿಂದುವಿನಿಂದ 8, ಬ ಬಿಂದುವಿನಿಂದ 2 ಸೆಂಟಿಮೀಟರ್ ದೂರದಲ್ಲಿ, ಬ ಬಿಂದುವಿನ ಆಚೆಗೆ ಇದೆ. 8 ಮತ್ತು 2 ಗಳ ಗುಣಲಬ್ಧ 16. ಅದೇ ತ್ರಿಜ್ಯದ ವರ್ಗ. ಇದು ಆಕಸ್ಮಿಕವಲ್ಲ. ಅಬ ದೂರ ಮತ್ತು ಅನುಪಾತಗಳು ಏನೇ ಇದ್ದರೂ ಮಅ × ಮಬ ಎಂಬುದು ತ್ರಿಜ್ಯದ ವರ್ಗಕ್ಕೆ ಸಮನಾಗಿರುತ್ತದೆ. ಲೆಕ್ಕ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಇದು ಒಳ್ಳೆಯ ಸಾಧನ.

ಅನುಪಾತವು 1 ರ ಸಮೀಪಕ್ಕೆ ಬಂದಾಗ

ಅಬ ರೇಖೆಯನ್ನು 6 ಸೆಂಟಿಮೀಟರಾಗಿಯೇ ಇಟ್ಟುಕೊಂಡು ಅನುಪಾತವನ್ನು ಬದಲಾಯಿಸೋಣ. 3 : 1 ಆದರೆ ಅಕ = 4.5, ಅಗ = 9; ವ್ಯಾಸ 4.5 ಮಾತ್ರ. 2 : 1 ಆದರೆ ವ್ಯಾಸ 8 ಎಂದು ಕಂಡೆವು. 7 : 5 ಆದರೆ ಅಕ = 3.5, ಅಗ = 21; ವ್ಯಾಸ 17.5. 13 : 11 ಆದರೆ ಅಕ = 3.25, ಅಗ = 39; ವ್ಯಾಸ 35.75.

ಇಲ್ಲಿ ಎರಡು ಬಿಂದುಗಳ ನಡೆಯನ್ನು ಹೋಲಿಸಿ ನೋಡಬೇಕು. ಒಳಗಿನ ಕ ಬಿಂದುವು ನಿಧಾನವಾಗಿ ತೆವಳುತ್ತ ಅಬ ರೇಖೆಯ ನಡುವನ್ನು, ಎಂದರೆ 3 ಎಂಬ ಸ್ಥಾನವನ್ನು ಸಮೀಪಿಸುತ್ತಿದೆ. ಹೊರಗಿನ ಗ ಬಿಂದುವಾದರೋ ಹಾಳೆಯನ್ನು ದಾಟಿ, ಮೇಜನ್ನು ದಾಟಿ ಓಡುತ್ತಿದೆ. ವೃತ್ತವು ದೊಡ್ಡದಾದಷ್ಟೂ ಕ ಬಿಂದುವಿನ ಬಳಿ ಅದರ ಬಾಗು ಕಡಿಮೆಯಾಗುತ್ತ, ಹೆಚ್ಚು ಹೆಚ್ಚಾಗಿ ನೆಟ್ಟಗಿನ ರೇಖೆಯಂತೆ ತೋರುತ್ತದೆ. ಅನುಪಾತವು 1 ಆದೊಡನೆ ಗ ಬಿಂದುವು ಇಲ್ಲವಾಗುತ್ತದೆ, ಕ ಬಿಂದುವು ನಡುವಿನಲ್ಲಿ ನಿಲ್ಲುತ್ತದೆ, ವೃತ್ತವು ಲಂಬಾರ್ಧಕವಾಗುತ್ತದೆ. ಅನುಪಾತವು 1 : 2 ಎಂಬಂತೆ ತಿರುಗುಮುರುಗಾದರೆ ಅಷ್ಟೇ ದೊಡ್ಡ ವೃತ್ತವು ಲಂಬಾರ್ಧಕದ ಇನ್ನೊಂದು ಕಡೆ, ಅ ಬಿಂದುವನ್ನು ಒಳಗೊಂಡು, ಕನ್ನಡಿಯ ಪ್ರತಿಬಿಂಬದಂತೆ ನಿಲ್ಲುತ್ತದೆ.

ಲಾಂಚು ಮತ್ತು ದೋಣಿ

ಈ ವೃತ್ತವು ಉಪಯೋಗಕ್ಕೆ ಬರುವ ಒಂದು ಸಂದರ್ಭವನ್ನು ನೋಡೋಣ. ಕಡಲಿನಲ್ಲಿ ಅ ಎಂಬಲ್ಲಿ ಕಾವಲಿನ ಲಾಂಚು ಇದೆ. 6 ಕಿಲೋಮೀಟರ್ ಆಚೆ ಬ ಎಂಬಲ್ಲಿ ಕಳ್ಳಸಾಗಣೆಯ ದೋಣಿ ಇದೆ. ಲಾಂಚಿನ ವೇಗ ಗಂಟೆಗೆ 20 ಕಿಲೋಮೀಟರ್, ದೋಣಿಯದು 10. ದೋಣಿಯು ಒಂದು ದಿಕ್ಕನ್ನು ಹಿಡಿದು ನೇರವಾಗಿ ಓಡುತ್ತದೆ. ಲಾಂಚು ಯಾವ ಕಡೆಗೆ ಹೊರಟರೆ ಬೇಗ ಹಿಡಿಯಬಹುದು?

ಇಬ್ಬರೂ ಒಂದೇ ಹೊತ್ತಿನಲ್ಲಿ ತಲುಪುವ ಸ್ಥಳವು ಪ ಆಗಿದ್ದರೆ, ಅಷ್ಟು ಹೊತ್ತಿನಲ್ಲಿ ಲಾಂಚು ಸಾಗಿದ ದೂರವು ದೋಣಿ ಸಾಗಿದ ದೂರದ ಎರಡರಷ್ಟು. ಎಂದರೆ ಪಅ = 2 × ಪಬ. ಇದು ನಮ್ಮ ವೃತ್ತವೇ! ಸೆಂಟಿಮೀಟರಿನ ಬದಲು ಕಿಲೋಮೀಟರ್ ಬಂದಿತು, ಅಷ್ಟೇ. ವೃತ್ತದ ಒಳಗಿನ ಸ್ಥಳಗಳಿಗೆ ದೋಣಿ ಮೊದಲು ತಲುಪುತ್ತದೆ, ಹೊರಗಿನವಕ್ಕೆ ಲಾಂಚು ಮೊದಲು ತಲುಪುತ್ತದೆ. ದೋಣಿಯು ವೃತ್ತದ ಒಳಗೇ ಇರುವುದರಿಂದ ಯಾವ ದಿಕ್ಕಿಗೆ ಓಡಿದರೂ ವೃತ್ತವನ್ನು ದಾಟಲೇಬೇಕು. ಅದು ದಾಟುವ ಬಿಂದುವನ್ನು ಗುರಿಯಾಗಿಟ್ಟುಕೊಂಡು ಲಾಂಚು ನೇರವಾಗಿ ಹೊರಟರೆ ಅಲ್ಲಿಯೇ ಸಿಕ್ಕಿಬೀಳುತ್ತದೆ.

ದೋಣಿಯು ಲಾಂಚಿಗೆ ಬೆನ್ನುಹಾಕಿ ಓಡಿದರೆ ಗ ಬಿಂದುವಿನಲ್ಲಿ, 36 ನಿಮಿಷಗಳ ತರುವಾಯ ಸಿಕ್ಕುತ್ತದೆ. ಅಬ ರೇಖೆಗೆ ಲಂಬವಾಗಿ ಓಡಿತೆನ್ನೋಣ. ಆಗ ಅಬಪ ಲಂಬಕೋನ ತ್ರಿಭುಜ. ಪಬ ದೂರವನ್ನು x ಎಂದರೆ ಪಅ ಎಂಬುದು 2x; ಪೈಥಾಗೊರಸನ ಪ್ರಮೇಯದಂತೆ 4x² = x² + 36. ಆದುದರಿಂದ x² = 12, x ಸುಮಾರು 3.46 ಕಿಲೋಮೀಟರ್. ದೋಣಿಗೆ ಇದಕ್ಕೆ ಬೇಕಾಗುವ ಕಾಲ ಸುಮಾರು 21 ನಿಮಿಷ. ಲಾಂಚಿನ ಚಾಲಕನು ಮುಂದಿನ ಸ್ಥಳವನ್ನು ಗಣಿಸದೆ, ದೋಣಿಯು ಆಯಾ ಕ್ಷಣಕ್ಕೆ ಎಲ್ಲಿ ಕಾಣುತ್ತದೆಯೋ ಅಲ್ಲಿಗೇ ಮೂತಿಯನ್ನು ತಿರುಗಿಸುತ್ತ ಹೋದರೆ ಅವನ ದಾರಿ ಬಾಗಿದ ರೇಖೆಯಾಗುತ್ತದೆ, ಹಿಡಿಯಲು 24 ನಿಮಿಷ ಬೇಕಾಗುತ್ತದೆ. ಈ 24 ನಿಮಿಷದ ಲೆಕ್ಕಕ್ಕೆ ಕಲನಶಾಸ್ತ್ರ ಬೇಕು. 21 ನಿಮಿಷದ ಲೆಕ್ಕಕ್ಕೆ ಕೈವಾರವೇ ಸಾಕು.

ಈಗ ವೇಗಗಳನ್ನು ಅದಲುಬದಲು ಮಾಡೋಣ. ಬ ಎಂಬಲ್ಲಿ ನಿಧಾನದ ಲಾಂಚು, ಅ ಎಂಬಲ್ಲಿ ಅದರ ಎರಡರಷ್ಟು ವೇಗದ ದೋಣಿ. ವೃತ್ತ ಅದೇ, ಆದರೆ ಓಡುವವನು ಈಗ ವೃತ್ತದ ಹೊರಗಿದ್ದಾನೆ. ಅವನ ದಾರಿಯು ವೃತ್ತವನ್ನು ಮುಟ್ಟದಿದ್ದರೆ ಅವನನ್ನು ಹಿಡಿಯುವಂತಿಲ್ಲ. ಎಲ್ಲೆಯಾವುದು? ಅ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕ. ಸ್ಪರ್ಶಬಿಂದುವನ್ನು ಸ ಎಂದರೆ ಅಸಮ ತ್ರಿಭುಜದಲ್ಲಿ ಸ ಲಂಬಕೋನ, ವಿಕರ್ಣ ಅಮ = 8, ತ್ರಿಜ್ಯ ಸಮ = 4. ವಿಕರ್ಣದ ಅರ್ಧದಷ್ಟಿರುವ ಬಾಹುವಿನ ಎದುರಿನ ಕೋನವು 30 ಅಂಶ. ಆದುದರಿಂದ ದೋಣಿಯು ಅಬ ದಿಕ್ಕಿನಿಂದ ಎಡಕ್ಕಾಗಲಿ ಬಲಕ್ಕಾಗಲಿ 30 ಅಂಶಕ್ಕಿಂತ ಹೆಚ್ಚು ಓರೆಯಾಗಿ ಹೋದರೆ ಪಾರಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಲಾಂಚು ಅದನ್ನು ಅಡ್ಡಗಟ್ಟಬಲ್ಲದು. ಚಿತ್ರವನ್ನು ಸರಿಯಾಗಿ ಬರೆದು ನೋಡಿದರೆ, ಆ ಸ ಬಿಂದುವು ಬ ಬಿಂದುವಿನ ನೇರ ಮೇಲೆಯೇ, 3.46 ರ ಎತ್ತರದಲ್ಲಿಯೇ ಇರುವುದು ಕಾಣುತ್ತದೆ. ಲಂಬವಾಗಿ ಓಡಿದ ಮೊದಲನೆಯ ದೋಣಿಯು ಸಿಕ್ಕಿಬಿದ್ದ ಸ್ಥಳವೂ ಅದೇ.

ಒಂದು ಎಚ್ಚರಿಕೆ ಅವಶ್ಯಕ. ಈ ಲೆಕ್ಕವೆಲ್ಲ ಇಬ್ಬರ ವೇಗವೂ ಬದಲಾಗದೆ, ಓಡುವವನು ದಿಕ್ಕು ಬದಲಾಯಿಸದೆ ಇರುವಾಗ ಮಾತ್ರ ಸಲ್ಲುತ್ತದೆ. ದೋಣಿಯು ನಡುದಾರಿಯಲ್ಲಿ ತಿರುಗಿದರೆ ಆ ಕ್ಷಣದ ಸ್ಥಾನಗಳನ್ನು ಹೊಸ ಅ ಮತ್ತು ಬ ಎಂದು ಹಿಡಿದು ಹೊಸ ವೃತ್ತವನ್ನು ಬರೆಯಬೇಕಾಗುತ್ತದೆ.

ಹೆಸರಿನ ವಿಚಾರ

ಈ ವೃತ್ತಕ್ಕೆ ಅಪೊಲೊನಿಯಸನ ಹೆಸರು ಬಂದಿದೆ. ಅವನು ಈಗಿನ ತುರ್ಕಿಯ ದಕ್ಷಿಣ ತೀರದ ಬಳಿಯ ಪೆರ್ಗಾ ಎಂಬ ಊರಿನವನು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಕೊನೆ ಮತ್ತು ಎರಡನೆಯ ಶತಮಾನದ ಮೊದಲಲ್ಲಿ ಬಾಳಿದವನು. ಶಂಕುಚ್ಛೇದಗಳನ್ನು ಕುರಿತ ಅವನ ಎಂಟು ಪುಸ್ತಕಗಳಲ್ಲಿ ಏಳು ನಮಗೆ ಉಳಿದುಬಂದಿವೆ. ಆದರೆ ಸಮತಲದ ಬಿಂದುಪಥಗಳನ್ನು ಕುರಿತ ಅವನ ಗ್ರಂಥವು ನಷ್ಟವಾಗಿದೆ. ಅದರಲ್ಲಿ ಏನಿತ್ತೆಂಬುದನ್ನು ಕ್ರಿಸ್ತಶಕ ನಾಲ್ಕನೆಯ ಶತಮಾನದ ಅಲೆಗ್ಸಾಂಡ್ರಿಯದ ಪಾಪಸನೇ ಮೊದಲಾದ ಹಿಂದಿನವರ ಬರಹಗಳಿಂದ ತಿಳಿಯಬೇಕಾಗಿದೆ. ಈ ಪಥವು ಅಪೊಲೊನಿಯಸನಿಗಿಂತ ಮೊದಲೇ ಗೊತ್ತಿತ್ತೆಂಬುದೂ ನಿಜ. ಕ್ರಿಸ್ತಪೂರ್ವ 322 ರಲ್ಲಿ ತೀರಿಕೊಂಡ ಅರಿಸ್ಟಾಟಲನ ಹೆಸರಿನಲ್ಲಿರುವ ವಾಯುಮಂಡಲ ವಿಚಾರದ ಗ್ರಂಥದಲ್ಲಿ ಮಳೆಬಿಲ್ಲು ಏಕೆ ಕಮಾನಿನಂತಿದೆ ಎಂಬುದನ್ನು ವಿವರಿಸುವಾಗ ಇದೇ ಪಥವನ್ನು ಬಳಸಿದೆ.

ಅಭ್ಯಾಸಕ್ಕಾಗಿ

ವಾಚಕರು ತಾವೇ ಮಾಡಿ ನೋಡಲೆಂದು ಒಂದು ಲೆಕ್ಕವನ್ನು ಕೊಡುತ್ತೇವೆ. ಅಬ = 10 ಸೆಂಟಿಮೀಟರ್, ಪಅ : ಪಬ = 3 : 2. ಕ ಮತ್ತು ಗ ಬಿಂದುಗಳನ್ನು ಗುರುತಿಸಿ, ಕೇಂದ್ರವನ್ನೂ ತ್ರಿಜ್ಯವನ್ನೂ ಕಂಡುಹಿಡಿಯಿರಿ. ತ್ರಿಜ್ಯವು 12 ಸೆಂಟಿಮೀಟರ್ ಬರಬೇಕು. ಮಅ × ಮಬ ಎಷ್ಟೆಂದು ಗುಣಿಸಿ ಪರೀಕ್ಷಿಸಿರಿ. ಅದು 144 ಆಗದಿದ್ದರೆ ಹೊರಗಿನ ಗ ಬಿಂದುವನ್ನು ಇನ್ನೊಮ್ಮೆ ನೋಡಿಕೊಳ್ಳಿರಿ, ತಪ್ಪು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಬಳಿಕ ಬ ಬಿಂದುವಿನ ನೇರ ಮೇಲೆ ವೃತ್ತದ ಮೇಲಿರುವ ಬಿಂದುವನ್ನು ತೆಗೆದುಕೊಂಡು, ಅದರ ಎರಡು ದೂರಗಳ ವರ್ಗಗಳು 9 : 4 ಅನುಪಾತದಲ್ಲಿವೆಯೆಂದು ತೋರಿಸಿರಿ.